ಚೀಲದ ಮುಖ ಯಾರದು?

(ಕಬ್ಬು ಬೆಳೆಗಾರರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಇಲ್ಲಿ ಕೂತಿರೋರೆಲ್ಲ ಕೀಟನಾಶಕದ ಬಾಟ್ಲಿ ಕೈಯಲ್ಲಿ ಹಿಡಿದವರೇ. ಬಾಟ್ಲಿಯ ಮೇಲೆ ಕಂಪನಿಯವನು ಬರೆಸಿದ್ದ ದೊಡ್ಡ ಹೆಸರು, ಹಸಿರು ಪೈರಿನ ಚಿತ್ರ, ಇವೆಲ್ಲ ನಿಮಗೆ ಗೊತ್ತು. ಅದರ ಪಕ್ಕದಲ್ಲೇ ಒಂದು ಮೂಲೆ ಮೇಲೆ ನಿಲ್ಲಿಸಿದ ಚೌಕ ಇರುತ್ತೆ. ಮೇಲಿನ ಅರ್ಧದಲ್ಲಿ ವಿಷ ಅಥವಾ ಅಪಾಯ ಅಂತ ಎಚ್ಚರಿಕೆ, ಕೆಳಗಿನ ಅರ್ಧದಲ್ಲಿ ಕೆಂಪೋ ಹಳದಿಯೋ ನೀಲಿಯೋ ಹಸಿರೋ ಬಣ್ಣ. ಆ ಚೌಕವನ್ನು ಕಂಪನಿಯವನು ಪ್ರೀತಿಯಿಂದ ಹಾಕಿದ್ದಲ್ಲ. ಅವನ ಕೈಗೆ ಬಿಟ್ಟಿದ್ರೆ ಸಾಸಿವೆ ಕಾಳಿನಷ್ಟು ಮಾಡಿ ಬುಡದಲ್ಲಿ ಅಂಟಿಸಿರೋನು. 1971ರ ಕೀಟನಾಶಕ ನಿಯಮಗಳು, ಲೇಬಲ್ಲಿನ ಮುಖದಲ್ಲಿ ಹದಿನಾರರಲ್ಲಿ ಒಂದು ಪಾಲಿಗೆ ಕಡಿಮೆ ಆಗದ ಜಾಗ ಆ ಚೌಕಕ್ಕೆ ಅಂತ ಕಟ್ಟು ಮಾಡಿವೆ. 'ಸುರಕ್ಷಿತ', 'ವಿಷವಲ್ಲ', 'ನಿರಪಾಯ' ಅಂತ ಬರೆಯೋ ಹಾಗಿಲ್ಲ. 'ಹೇಳಿದಂತೆ ಬಳಸಿದರೆ' ಅಂತ ಬಾಲ ಸೇರಿಸಿದರೂ ಬರೆಯೋ ಹಾಗಿಲ್ಲ. ಅಂದರೆ ಮಾರುವವನ ಮಾತು ಕೊಳ್ಳುವವನ ಜಾಗಕ್ಕೆ ನುಗ್ಗಬಾರದು ಅಂತ ಅಳತೆ ಹಿಡಿದು ಬೇಲಿ ಹಾಕಿದ್ದಾರೆ.

ಅಲ್ಲಿ ನಾವು ಕೊಳ್ಳುವವರು. ಈ ದಿನ ನಾನು ಮಾತಾಡೋಕೆ ಬಂದಿರೋದು ನಾವು ಮಾರುವವರಾದಾಗ ಏನು ಮಾಡ್ತೀವಿ ಅನ್ನೋದರ ಬಗ್ಗೆ. ಈಗ ಊರೂರಲ್ಲಿ ಸಂಘ ಕಟ್ಟಿ, ಸಾಲ ತೆಗೆದು, ಬೆಲ್ಲ, ಎಣ್ಣೆ, ರಾಗಿ ಹಿಟ್ಟು, ಜೇನು ಚೀಲಕ್ಕೆ ತುಂಬಿ ಪಟ್ಟಣಕ್ಕೆ ಕಳಿಸ್ತಾ ಇದ್ದಾರೆ. ಮಂಡಿಯ ದಲ್ಲಾಳಿಯನ್ನು ತಪ್ಪಿಸೋಕೆ ಇದು ಒಂದು ದಾರಿ, ಸರಿ. ಆದರೆ ಮಂಡಿಯಲ್ಲಿ ಸರಕು ತಾನೇ ಮಾತಾಡ್ತಿತ್ತು, ಬೆಲ್ಲ ಮುರಿದು ಬಾಯಿಗೆ ಹಾಕಿ ನೋಡ್ತಿದ್ರು. ಚೀಲದೊಳಗೆ ಹೋದ ಮೇಲೆ ಬೆಲ್ಲಕ್ಕೆ ಬಾಯಿಲ್ಲ. ಚೀಲದ ಮೇಲಿನ ಬರಹವೇ ಅದರ ಬಾಯಿ.

ಮಂಡ್ಯ ಜಿಲ್ಲೆಯ ಒಂದು ಸಂಘದ ಕತೆ ಹೇಳ್ತೀನಿ. ಹೆಸರು ಬೇಡ. ಹನ್ನೊಂದು ಜನ ಕಬ್ಬು ಬೆಳೆಗಾರರು, ಒಂದು ಆಲೆಮನೆ. ಅರ್ಧ ಕೇಜಿಯ ಪುಡಿ ಬೆಲ್ಲದ ಚೀಲ ಮಾಡೋಣ ಅಂತ ತೀರ್ಮಾನಿಸಿದರು. ಸೊಸೈಟಿಯಲ್ಲಿ ತೆಗೆದ ಸಾಲದಲ್ಲಿ ಹತ್ತು ಸಾವಿರ ಚೀಲ ಬಣ್ಣದಲ್ಲಿ ಅಚ್ಚು ಹಾಕಿಸಿದರು. ಚೀಲ ಅಚ್ಚು ಹಾಕುವವನು ಒಂದೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೊರೆಯಬೇಕು. ಆ ಖರ್ಚು ಹೊರಬರಬೇಕಾದ್ರೆ ಸಾವಿರಗಟ್ಟಲೆ ಚೀಲ ತಗೊಳ್ಳಲೇಬೇಕು ಅಂತಾನೆ. ಹಾಗಾಗಿ ಒಂದು ಅಕ್ಷರ ತಪ್ಪಿದರೆ ಹತ್ತು ಸಾವಿರ ಸಲ ತಪ್ಪುತ್ತೆ.

ಆ ಚೀಲದ ಮುಖದ ಮೇಲೆ ಏನಿತ್ತು ಅಂತೀರಿ? 'ಶುದ್ಧ ನೈಸರ್ಗಿಕ ಸಾವಯವ ಬೆಲ್ಲ.' ಅದರ ಕೆಳಗೆ 'ಕಬ್ಬಿಣಾಂಶದ ಗಣಿ.' ಅದರ ಕೆಳಗೆ 'ಸಕ್ಕರೆ ಕಾಯಿಲೆಯವರಿಗೆ ರಾಮಬಾಣ.' ಒಂದು ಕಡೆ ನಕ್ಷತ್ರದೊಳಗೆ 'ಸಕ್ಕರೆ ಬೆರೆಸಿಲ್ಲ', ಇನ್ನೊಂದು ಕಡೆ ಎಲೆಯೊಳಗೆ 'ಮನೆಯಲ್ಲೇ ಮಾಡಿದ್ದು.' ಕಬ್ಬಿನ ಗದ್ದೆ, ಎತ್ತಿನ ಗಾಣ, ಸೂರ್ಯ ಎಲ್ಲಾ ಇತ್ತು. ಗಾಣಕ್ಕೆ ಎತ್ತು ಕಟ್ಟಿ ಆ ಊರಲ್ಲಿ ಎಷ್ಟು ವರ್ಷ ಆಗಿತ್ತೋ ದೇವರಿಗೇ ಗೊತ್ತು! ಇಷ್ಟೆಲ್ಲ ತುಂಬಿದ ಮೇಲೆ ಕಾಯಿದೆ ಕೇಳುವ ವಿವರಗಳಿಗೆ ಜಾಗ ಎಲ್ಲಿ? ಚೀಲದ ಹಿಂಭಾಗದ ಕಟ್ಟ ಕಡೆಗೆ, ಕಂದು ಬಣ್ಣದ ಮೇಲೆ ಚಿನ್ನದ ಬಣ್ಣದ ಅಕ್ಷರದಲ್ಲಿ ಹಾಕಿದ್ರು. ಬೆಲ್ಲ ತುಂಬಿ ನಿಲ್ಲಿಸಿದಾಗ ಚೀಲದ ತಳ ಅಗಲ ಆಗಿ ಮಡಿಚಿಕೊಳ್ತು. ತಯಾರಕರ ವಿಳಾಸ, ಆಹಾರ ಪರವಾನಗಿಯ 14 ಅಂಕಿಗಳ ಸಂಖ್ಯೆ ಎಲ್ಲಾ ಆ ಮಡಿಕೆಯೊಳಗೆ ಸೇರಿಹೋಯ್ತು. ತಾರೀಕು ಹೊಡೆಯೋಕೆ ಖಾಲಿ ಜಾಗ ಬಿಟ್ಟಿರಲಿಲ್ಲ. ಕಂದು ಬಣ್ಣದ ಮೇಲೆ ಕಪ್ಪು ಮಸಿಯಲ್ಲಿ ಹೊಡೆದರು. ಒಂದು ಸಲ ಕೈ ಸವರಿದರೆ ಹೋಗ್ತಿತ್ತು.

ಪಟ್ಟಣದ ಅಂಗಡಿಯವನು ಮೊದಲ ಸಲದ ಸರಕನ್ನೇ ವಾಪಸ್ ಕಳಿಸಿದ. ಅವನದೂ ತಪ್ಪಿಲ್ಲ. 2006ರ ಆಹಾರ ಸುರಕ್ಷತೆ ಕಾಯಿದೆಯಲ್ಲಿ ತಪ್ಪು ಲೇಬಲ್ಲಿನ ಸರಕಿಗೆ 3 ಲಕ್ಷ ರೂಪಾಯಿವರೆಗೆ ದಂಡ, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ. ಮಾರುವವನೂ ಆ ಬಲೆಯೊಳಗೇ ಬರ್ತಾನೆ.

ಈಗ ಆ ಮಾತುಗಳನ್ನು ಒಂದೊಂದಾಗಿ ತೂಗಿ ನೋಡೋಣ. 'ಸಾವಯವ' ಅಂದರು. ಹನ್ನೊಂದು ಜನರಲ್ಲಿ ನಾಲ್ಕು ಜನ ಯೂರಿಯಾ ಹಾಕ್ತಿದ್ದರು, ಆಲೆಮನೆಯಲ್ಲಿ ಎಲ್ಲರ ಕಬ್ಬಿನ ಹಾಲೂ ಒಂದೇ ಕೊಪ್ಪರಿಗೆಗೆ. ಸಾವಯವ ಅಂತ ಬರೆಯಬೇಕಾದರೆ 2017ರ ನಿಯಮದ ಪ್ರಕಾರ ಪ್ರಮಾಣಪತ್ರ ಬೇಕು. ರೈತರು ಗುಂಪಾಗಿ ಒಬ್ಬರ ಹೊಲ ಒಬ್ಬರು ನೋಡಿ ಪಡೆಯುವ ಪಿ.ಜಿ.ಎಸ್. ಪ್ರಮಾಣಪತ್ರವೂ ಆಗುತ್ತೆ. ಸಣ್ಣ ರೈತ ತಾನೇ ನೇರವಾಗಿ ತಿನ್ನುವವರಿಗೆ ಮಾರಿದರೆ ವಿನಾಯಿತಿ ಉಂಟು, ಅಂಗಡಿಯವನ ಕೈಗೆ ಹೋದರೆ ಇಲ್ಲ. 'ಸಕ್ಕರೆ ಬೆರೆಸಿಲ್ಲ' ಅನ್ನೋದಂತೂ ನಗೆಪಾಟಲು. ಬೆಲ್ಲ ಅಂದರೇ ಬಹುಪಾಲು ಸಕ್ಕರೆ. ಬೆಲ್ಲ ಹಾಕಿದ ಬೇರೆ ತಿಂಡಿಯ ಮೇಲೂ ಆ ಮಾತು ಬರೆಯೋ ಹಾಗಿಲ್ಲ, ಬೆಲ್ಲದ ಮೇಲೇ ಬರೆದರೆ? 'ಮನೆಯಲ್ಲೇ ಮಾಡಿದ್ದು' ಅನ್ನೋ ಥರದ ಮಾತುಗಳನ್ನು 2018ರ ಜಾಹೀರಾತು ಮತ್ತು ಹಕ್ಕುಸಾಧನೆಯ ನಿಯಮಗಳು ಒಪ್ಪೋದಿಲ್ಲ. ರೋಗ ವಾಸಿ ಮಾಡುತ್ತೆ ಅನ್ನೋ ಮಾತು ಯಾವ ಆಹಾರದ ಮೇಲೂ ಕೂಡದು.

ಸಕ್ಕರೆ ಕಾಯಿಲೆಯ ಮಾತಿನಲ್ಲಿ ಕಾಯಿದೆಗಿಂತ ದೊಡ್ಡ ವಿಷಯ ಇನ್ನೊಂದಿದೆ. ಅದೇ ಚೀಲದ ಹಿಂದೆ ಪೌಷ್ಟಿಕಾಂಶದ ಪಟ್ಟಿ ಇತ್ತು. ಅದರಲ್ಲಿ ಸಕ್ಕರೆಯ ಅಂಶ ಇಷ್ಟು ಅಂತ ದೊಡ್ಡ ಅಂಕಿ. ಮುಂದೆ 'ಸಕ್ಕರೆ ಕಾಯಿಲೆಯವರು ತಿನ್ನಿ' ಅನ್ನುತ್ತೆ, ಹಿಂದೆ 'ಇದು ಸಕ್ಕರೆ' ಅನ್ನುತ್ತೆ. ಒಂದೇ ಚೀಲಕ್ಕೆ ಎರಡು ನಾಲಗೆ. ಓದಲು ಬರುವ ಗಿರಾಕಿ ಚೀಲ ತಿರುಗಿಸಿ ನೋಡಿದ ಕ್ಷಣಕ್ಕೇ ಉಳಿದ ಎಲ್ಲ ಮಾತಿನ ಮೇಲೂ ನಂಬಿಕೆ ಹೋಗುತ್ತೆ. ಓದಲು ಬಾರದ ಮುದುಕಿ ಮೊಮ್ಮಗನ ಕೈಲಿ ಮುಂದಿನ ಮಾತನ್ನು ಮಾತ್ರ ಓದಿಸಿ ದಿನಾ ಬೆಲ್ಲ ತಿಂದರೆ? ಆ ಪಾಪ ಯಾರಿಗೆ?

ಕಬ್ಬಿಣಾಂಶದ ಲೆಕ್ಕವೂ ಹೀಗೇ. ಬೆಲ್ಲದಲ್ಲಿ ಕಬ್ಬಿಣ ಇರೋದು ನಿಜ, ಎಷ್ಟು ಅನ್ನೋದು ಮಣ್ಣು, ಕೊಪ್ಪರಿಗೆ, ಕಾಯಿಸುವ ರೀತಿ ನೋಡಿ ಬದಲಾಗುತ್ತೆ. ನಿಮ್ಮ ಬೆಲ್ಲದ ಪ್ರಯೋಗಾಲಯದ ವರದಿ ನೂರು ಗ್ರಾಮಿಗೆ 3 ಮಿಲಿಗ್ರಾಂ ಅಂತ ಹೇಳ್ತು ಅಂತಿಟ್ಟುಕೊಳ್ಳಿ. ದಿನಕ್ಕೆ ನೂರು ಗ್ರಾಮು ಬೆಲ್ಲ ಯಾರು ತಿಂತಾರೆ? ಹತ್ತು ಗ್ರಾಮು ತಿಂದರೆ ಸಿಗೋದು 0.3 ಮಿಲಿಗ್ರಾಂ. ವಯಸ್ಕ ಹೆಂಗಸಿಗೆ ದಿನಕ್ಕೆ ಬೇಕಾದ್ದು 29 ಮಿಲಿಗ್ರಾಂ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ನೂರರಲ್ಲಿ ಒಂದು ಪಾಲು ಕೊಟ್ಟು ಗಣಿ ಅಂದರೆ ಹೇಗೆ?

ಚೀಲಗಳು ಅಟ್ಟ ಸೇರಿದವು. ಮುಂದೇನಾಯ್ತು ನೋಡಿ. ಸಂಘದವರು ಹೆದರಿಬಿಟ್ಟರು. ಒಬ್ಬ ಹುಡುಗ ಪಟ್ಟಣಕ್ಕೆ ಹೋಗಿ ನಿಯಮಗಳನ್ನೆಲ್ಲ ಬರೆದುಕೊಂಡು ಬಂದ. ಈ ಸಲ ಸಾದಾ ಚೀಲಕ್ಕೆ ಕಾಗದದ ಲೇಬಲ್ಲು. ಅದರ ಮುಂದೆ ಹಿಂದೆ ಕಾಯಿದೆಯೇ ಕಾಯಿದೆ. ಇಂಗ್ಲಿಷಿನಲ್ಲಿ ಒಂದು ಸಲ, ಕನ್ನಡದಲ್ಲಿ ಅದೇ ಇನ್ನೊಂದು ಸಲ. ಬೆಲ್ಲ ಅನ್ನೋ ಹೆಸರೂ ವಿಳಾಸದ ಪಿನ್‌ಕೋಡೂ ಒಂದೇ ಗಾತ್ರ. ನೋಡಿದವರು ಕೋರ್ಟಿನ ಸಮನ್ಸು ಅಂದುಕೊಳ್ಳಬೇಕು, ಹಾಗಿತ್ತು. ಕಾನೂನಿಗೆ ತಪ್ಪಿರಲಿಲ್ಲ, ಅಂಗಡಿಯವನು ಸಾಲಿನಲ್ಲಿಟ್ಟ, ಯಾರೂ ಕೈ ಹಾಕಲಿಲ್ಲ. ಯಾಕೆ ಅಂದ್ರೆ ಅದರಲ್ಲಿ ಒಂದು ಹೊಸ ಸಾಲು ಇತ್ತು: ಬೆಲೆ 65 ರೂಪಾಯಿ, ಗ್ರಾಮಿಗೆ 0.13 ರೂಪಾಯಿ. ಒಂದು ಕೇಜಿಗೆ ಕಡಿಮೆ ಇರುವ ಪೊಟ್ಟಣದ ಮೇಲೆ ಗ್ರಾಮಿನ ಬೆಲೆ ಹಾಕಬೇಕು ಅಂತ ಈಗ ತೂಕ ಅಳತೆಯ ನಿಯಮ ಇದೆ. ಗಿರಾಕಿ ಲೆಕ್ಕ ಹಾಕಿದ, ಕೇಜಿಗೆ 130 ಆಯ್ತು. ಪಕ್ಕದ ಡಬ್ಬದಲ್ಲಿ ಬಿಡಿ ಬೆಲ್ಲ ಅದರ ಅರ್ಧ ಬೆಲೆಗೆ, ನೋಡೋಕೂ ಹೊಂಬಣ್ಣ. ಇದು ಕಪ್ಪಗೆ. ಯಾಕಪ್ಪಾ ಇದಕ್ಕೆ ಡಬಲ್ ಕೊಡಲಿ ಅನ್ನೋ ಪ್ರಶ್ನೆಗೆ ಲೇಬಲ್ಲಿನಲ್ಲಿ ಉತ್ತರವೇ ಇರಲಿಲ್ಲ.

ಮೊದಲ ಚೀಲದಲ್ಲಿ ಮಾರುವ ಮಾತು ವಿವರವನ್ನು ತಿಂದು ಹಾಕ್ತು. ಎರಡನೆಯದರಲ್ಲಿ ವಿವರ ಮಾರುವ ಮಾತನ್ನು ತಿಂದು ಹಾಕ್ತು. ಎರಡೂ ಸಲ ಅವರು ಇವೆರಡನ್ನು ದಾಯಾದಿಗಳು ಅಂತ ತಿಳಿದಿದ್ದರು, ಒಬ್ಬನಿಗೆ ಜಾಗ ಕೊಟ್ಟರೆ ಇನ್ನೊಬ್ಬನಿಗೆ ಹೋಯ್ತು ಅಂತ. ನನಗೆ ಹಾಗನ್ನಿಸೋದಿಲ್ಲ. ಕಾಯಿದೆ ಕೇಳುವ ಸಾಲುಗಳಲ್ಲೇ ನಿಮ್ಮ ಸರಕನ್ನು ಮಾರುವ ಮಾತು ಅಡಗಿರುತ್ತೆ. ಅದನ್ನು ಹುಡುಕಿ ಮುಂದಕ್ಕೆ ತರಬೇಕು ಅಷ್ಟೆ.

ಮೂರನೇ ಸಲ ಹಾಗೇ ಮಾಡಿದರು. ಮೊದಲು ಅಡ್ಡಪಟ್ಟಿ ಹಿಡಿದು ಚೀಲ ಅಳೆದರು. ಅಗಲ 16 ಸೆಂಟಿಮೀಟರ್, ಎತ್ತರ 23. ನೋಡೋಕೆ ದೊಡ್ಡದು. ಆದರೆ ಮೇಲೆ ಬಾಯಿ ಮುಚ್ಚುವ ಪಟ್ಟಿಗೆ 3 ಹೋಯ್ತು, ಕೆಳಗೆ ಮಡಿಕೆಗೆ 4 ಹೋಯ್ತು, ಎರಡು ಪಕ್ಕದ ಬೆಸುಗೆಗೆ ಒಂದೊಂದು. ಉಳಿದದ್ದು 14 ಅಗಲ, 16 ಎತ್ತರ. ಅಷ್ಟೇ ನಿಮ್ಮ ಹೊಲ. ಚೀಲಕ್ಕೆ ಬೆಲ್ಲ ತುಂಬಿ, ನಿಲ್ಲಿಸಿ, ಆಮೇಲೆ ಅಳೆಯಬೇಕು. ಖಾಲಿ ಚೀಲ ಅಳೆದರೆ ಮತ್ತೆ ಮಡಿಕೆಯ ಪಾಲು.

ಆಮೇಲೆ ಹಿಂಭಾಗವನ್ನು ಮೊದಲು ಬರೆದರು. ಇದು ಮುಖ್ಯ, ಗಮನ ಇಡಿ. ಎಲ್ಲರೂ ಮುಖವನ್ನು ಮೊದಲು ಬರೆದು ಮಿಕ್ಕ ಜಾಗಕ್ಕೆ ವಿವರ ತುರುಕ್ತಾರೆ. ಇವರು ಪದಾರ್ಥಗಳ ಪಟ್ಟಿಯಿಂದ ಶುರು ಮಾಡಿದರು. ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಹಿರಿಯರನ್ನು ಕೂರಿಸಿಕೊಂಡು, "ಕೊಪ್ಪರಿಗೆಗೆ ಏನೇನು ಹಾಕ್ತೀರಿ, ಒಂದೂ ಬಿಡದೆ ಹೇಳಿ ಅಣ್ಣಾ" ಅಂದರು. ಕಬ್ಬಿನ ಹಾಲು. ಕೊಳೆ ಮೇಲಕ್ಕೆ ಬರಲಿ ಅಂತ ಬೆಂಡೆ ಗಿಡದ ಲೋಳೆ. ಹುಳಿ ಮುರಿಯೋಕೆ ಸ್ವಲ್ಪ ಸುಣ್ಣ. "ಹೈಡ್ರೋಸ್?" "ಇಲ್ಲಪ್ಪಾ, ಅದಕ್ಕೇ ಅಲ್ವೇ ನಮ್ಮ ಬೆಲ್ಲ ಕಪ್ಪು, ಮಂಡಿಯಲ್ಲಿ ಎರಡು ರೂಪಾಯಿ ಕಮ್ಮಿ ಕೇಳೋದು!"

ಹೈಡ್ರೋಸ್ ಅಂದರೆ ಬೆಲ್ಲಕ್ಕೆ ಹೊಂಬಣ್ಣ ಬರಿಸೋಕೆ ಹಾಕುವ ಸೋಡಿಯಂ ಹೈಡ್ರೋಸಲ್ಫೈಟ್, ಗಂಧಕದ ಸಂಬಂಧದ ಪುಡಿ, ನಿಮಗೆಲ್ಲ ಗೊತ್ತಿರೋದೇ. ಮಂಡಿಯಲ್ಲಿ ಯಾವುದು ಕಳಂಕ ಆಗಿತ್ತೋ ಅದೇ ಇಲ್ಲಿ ಬಂಡವಾಳ. ಪದಾರ್ಥಗಳ ಪಟ್ಟಿ ಕಾಯಿದೆಯ ಬಲವಂತದ ಸಾಲು. ಅದನ್ನೇ ಎತ್ತಿ ಚೀಲದ ಮುಖದ ನಡುವೆ ದಪ್ಪಕ್ಷರದಲ್ಲಿ ಹಾಕಿದರು: 'ಕಬ್ಬಿನ ಹಾಲು, ಬೆಂಡೆ ಲೋಳೆ, ಚಿಟಿಕೆ ಸುಣ್ಣ. ಇಷ್ಟೇ. ಬಣ್ಣ ಕಪ್ಪಾಗಿರೋದು ಅದಕ್ಕೇ.' ಗಿರಾಕಿಯ ಎರಡೂ ಪ್ರಶ್ನೆಗೆ, ಯಾಕೆ ಕಪ್ಪು, ಯಾಕೆ ಬೆಲೆ ಜಾಸ್ತಿ ಅನ್ನೋದಕ್ಕೆ, ಅಲ್ಲೇ ಉತ್ತರ. ಅವನು ಚೀಲ ತಿರುಗಿಸಿದರೆ ಹಿಂದಿನ ಪಟ್ಟಿಯಲ್ಲೂ ಅದೇ ಮೂರು ಪದಾರ್ಥ. ಮುಂದಿನ ಮಾತಿಗೆ ಹಿಂದಿನ ಸಾಲು ಸಾಕ್ಷಿ.

ಒಬ್ಬರು 'ಹೈಡ್ರೋಸ್ ಇಲ್ಲದ ಬೆಲ್ಲ' ಅಂತ ಬರೆಯೋಣ ಅಂದರು. ಬೇಡ ಅಂದೆ. ಇಲ್ಲ ಅಂತ ಬರೆದರೆ ಇಲ್ಲ ಅಂತ ತೋರಿಸುವ ವರದಿ ಕೈಯಲ್ಲಿರಬೇಕು. ಬೇರೆಯವರ ಸರಕನ್ನು ಹಳಿದಂತೆಯೂ ಆಗಬಾರದು. ಏನು ಹಾಕಿದ್ದೀರೋ ಅದನ್ನು ಹೇಳಿ, ಹಾಕದ್ದನ್ನು ಓದುವವನೇ ತಿಳ್ಕೋತಾನೆ. 'ಶುದ್ಧ' ಅನ್ನೋ ಮಾತನ್ನೂ ಕೈಬಿಟ್ಟರು. ಒಂದೇ ಪದಾರ್ಥ, ಏನೂ ಸೇರಿಸಿಲ್ಲ ಅನ್ನುವಂಥದ್ದಕ್ಕೆ ಮಾತ್ರ ಆ ಮಾತು ಸಲ್ಲುತ್ತೆ. ಸುಣ್ಣ ಹಾಕಿದ ಮೇಲೆ ಅದು ವಾದಕ್ಕೆ ಎಡೆ.

ಚೀಲದ ಮುಖದಲ್ಲಿ ಉಳಿದದ್ದು ಕಡಿಮೆ. ಸಂಘದ ಹೆಸರು, 'ಪುಡಿ ಬೆಲ್ಲ' ಅನ್ನೋ ಸರಕಿನ ಹೆಸರು, ಆ ಮೂರು ಪದಾರ್ಥದ ಸಾಲು, ನಿವ್ವಳ ತೂಕ 500 ಗ್ರಾಂ, ಸಸ್ಯಾಹಾರದ ಹಸಿರು ಗುರುತು. ಆ ಗುರುತಿಗೂ ಅಳತೆ ಇದೆ. ಮುಖದ ವಿಸ್ತೀರ್ಣ 100ರಿಂದ 500 ಚದರ ಸೆಂಟಿಮೀಟರ್ ಒಳಗಿದ್ದರೆ ಹಸಿರು ಬೊಟ್ಟಿನ ಅಡ್ಡಳತೆ 4 ಮಿಲಿಮೀಟರಿಗೆ ಕಡಿಮೆ ಇರಬಾರದು, ಸುತ್ತಿನ ಚೌಕದ ಬದಿ ಅದರ ಎರಡರಷ್ಟು. ಗದ್ದೆಯ ಚಿತ್ರ ಹೋಯ್ತು, ಸೂರ್ಯ ಮುಳುಗಿದ. ಬಿಳಿ ಜಾಗ ಬೇಕಾದಷ್ಟು ಉಳೀತು. ಆ ಖಾಲಿ ಜಾಗ ನೋಡಿ ಹಿರಿಯರೊಬ್ಬರಿಗೆ ಸಂಕಟ. "ದುಡ್ಡು ಕೊಟ್ಟ ಜಾಗ ಯಾಕೆ ಬೀಳು ಬಿಡ್ತೀರೋ?" ಅಂದರು. ಕಬ್ಬಿನ ಸಾಲಿನ ನಡುವೆ ಅಂತರ ಬಿಡೋದಿಲ್ವೇ? ಬಿಡದಿದ್ರೆ ಯಾವ ಸಾಲೂ ಮೇಲೇಳೋದಿಲ್ಲ.

ಇನ್ನು ಭಾಷೆಯ ಮಾತು. ಕಡ್ಡಾಯದ ವಿವರಗಳು ಇಂಗ್ಲಿಷಿನಲ್ಲಿ ಇಲ್ಲವೇ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು ಅಂತ ಆಹಾರದ ನಿಯಮ. ಕನ್ನಡ ಹೆಚ್ಚುವರಿಯಾಗಿ ಹಾಕಬಹುದು. ಕನ್ನಡ ನಾಡಿನ ಬೆಲ್ಲಕ್ಕೆ ಕನ್ನಡ ಹೆಚ್ಚುವರಿ ಆಗಿರೋದು ನನಗೇನೂ ಸಂತೋಷದ ವಿಷಯವಲ್ಲ, ಆದರೆ ಈಗಿರೋ ನಿಯಮ ಅದು. ಎಲ್ಲವನ್ನೂ ಎರಡು ಸಲ ಬರೆದರೆ ಲೇಬಲ್ಲು ಸಮನ್ಸಾಗುತ್ತೆ. ಅದಕ್ಕೆ ಇವರು ಮಾಡಿದ ಉಪಾಯ ಏನಂದರೆ, ಹಿಂದೆ ಪೂರ್ತಿ ವಿವರ ಇಂಗ್ಲಿಷಿನಲ್ಲಿ ಒಂದು ಸಲ, ಒತ್ತಾಗಿ, ಒಂದೇ ಚೌಕದೊಳಗೆ. ಕನ್ನಡದಲ್ಲಿ ಕೊಳ್ಳುವವರಿಗೆ ಕೂಡಲೇ ಬೇಕಾದ್ದು ಮಾತ್ರ: ಏನು, ಎಷ್ಟು, ಏನು ಹಾಕಿದೆ, ಯಾವಾಗಿನವರೆಗೆ ಬಳಸಬಹುದು, ದೂರು ಇದ್ದರೆ ಯಾವ ನಂಬರಿಗೆ ಫೋನು. ಕನ್ನಡದಲ್ಲಿ ಇಂಗ್ಲಿಷಿನಲ್ಲಿಲ್ಲದ ಒಂದು ಮಾತೂ ಇರಬಾರದು ಅಂತ ಕಟ್ಟು ಮಾಡಿಕೊಂಡರು. ಮೊದಲ ಚೀಲದಲ್ಲಿ 'ಸಾವಯವ' ಕನ್ನಡದಲ್ಲಿ ಮಾತ್ರ ಇತ್ತು, ಅಧಿಕಾರಿಗೆ ಕನ್ನಡ ಬರೋದಿಲ್ಲವೇನೋ ಅನ್ನೋ ಹಾಗೆ!

ಅಚ್ಚಿನವನು ಒಂದು ತಪ್ಪು ಮಾಡಿಯೇ ಮಾಡ್ತಾನೆ. ಇಂಗ್ಲಿಷಿಗೆ ಇಟ್ಟ ಅಳತೆಯನ್ನೇ ಕನ್ನಡಕ್ಕೂ ಇಡ್ತಾನೆ. ಇಂಗ್ಲಿಷ್ ಅಕ್ಷರ ಸಣ್ಣದಾದರೂ ಓದಬಹುದು. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು, ಪಕ್ಕಕ್ಕೆ ದೀರ್ಘ. ಅಷ್ಟು ಸಣ್ಣದು ಮಾಡಿದರೆ 'ಕಬ್ಬಿನ' ಅನ್ನೋದರ ಬ ಒತ್ತು ಮಸಿ ಚುಕ್ಕೆ ಆಗುತ್ತೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತೆ. ಕಂಪ್ಯೂಟರ್ ಪರದೆಯ ಮೇಲೆ ದೊಡ್ಡದಾಗಿ ತೋರಿಸಿ 'ಚೆನ್ನಾಗಿದೆ ಅಲ್ವಾ' ಅಂತಾನೆ. ತಲೆ ಆಡಿಸಬೇಡಿ. ನಿಜವಾದ ಅಳತೆಗೆ ಕಾಗದದ ಮೇಲೆ ಹೊಡೆಸಿ, ತುಂಬಿದ ಚೀಲಕ್ಕೆ ಅಂಟಿಸಿ, ಸಂಜೆ ಅಂಗಡಿಯ ದೀಪದಲ್ಲಿ ಐವತ್ತು ದಾಟಿದವರೊಬ್ಬರ ಕೈಗೆ ಕೊಡಿ. ಇದು ಏನು, ತೂಕ ಎಷ್ಟು, ಒಳಗೇನಿದೆ, ಎಂದಿನವರೆಗೆ ಚೆನ್ನಾಗಿರುತ್ತೆ ಅಂತ ಕೇಳಿ. ನಾಲ್ಕಕ್ಕೂ ತಡವರಿಸದೆ ಹೇಳಿದರೆ ವಿವರ ಬದುಕಿದೆ ಅಂತ ಅರ್ಥ. ಆಮೇಲೆ ಚೀಲ ಕಿತ್ತುಕೊಂಡು, "ಈ ಬೆಲ್ಲದ ವಿಶೇಷ ಏನು?" ಅಂತ ಕೇಳಿ. ಒಂದು ಮಾತು ನೆನಪಿದ್ದರೆ ಮಾರುವ ಮಾತೂ ಬದುಕಿದೆ. ಐದು ಮಾತು ಬರೆದಿದ್ದರೆ ಒಂದೂ ನೆನಪಿರೋದಿಲ್ಲ, ಬೇಕಾದರೆ ಪರೀಕ್ಷೆ ಮಾಡಿ ನೋಡಿ. ಈ ಸಂಘದವರು ಸಂತೆಯಲ್ಲಿ ಹೀಗೆ ಕೇಳಿದಾಗ ಹೆಚ್ಚಿನವರು "ಬೆಂಡೆ ಲೋಳೆ ಹಾಕ್ತಾರಂತೆ" ಅಂದರು.

ತಾರೀಕು, ಬ್ಯಾಚ್ ನಂಬರು, ಬೆಲೆ ಇವು ಮೂರು ಪ್ರತಿ ಸಲ ಬದಲಾಗುವಂಥವು. ಇವಕ್ಕೆ ಬಿಳಿ ಕಿಟಕಿ ಒಂದನ್ನು ಬಿಟ್ಟು, ಅಳಿಸದ ಮಸಿಯಲ್ಲಿ ಹೊಡೀಬೇಕು. ಹೊಡೆದು ಒಂದು ನಿಮಿಷ ಬಿಟ್ಟು ಒದ್ದೆ ಬೆರಳಿನಿಂದ ಉಜ್ಜಿ ನೋಡಿ. ಬ್ಯಾಚ್ ನಂಬರನ್ನು ಕಾಯಿದೆಯ ಕಾಟ ಅಂತ ಒಂದೇ ನಂಬರು ಎಲ್ಲದಕ್ಕೂ ಹೊಡೀಬೇಡಿ. ಯಾವ ದಿನದ ಕೊಪ್ಪರಿಗೆ, ಯಾರ ಕಬ್ಬು ಅಂತ ಪುಸ್ತಕದಲ್ಲಿ ಬರೆದಿಟ್ಟರೆ, ಮಳೆಗಾಲದಲ್ಲಿ ಪುಡಿ ಬೆಲ್ಲ ನೀರಾಯ್ತು ಅಂತ ದೂರು ಬಂದಾಗ ಆ ಒಂದು ಕೊಪ್ಪರಿಗೆಯ ಚೀಲ ಮಾತ್ರ ವಾಪಸ್ ತರಿಸಬಹುದು. ಇಲ್ಲದಿದ್ದರೆ ಅಂಗಡಿಯಲ್ಲಿರುವ ಎಲ್ಲವೂ ವಾಪಸ್ಸು, ಸಾಲದ ಕಂತು ಮಾತ್ರ ನಿಮ್ಮದು. ಬೆಲೆ ಏರಿಸೋಕೆ ಹಳೆ ಬೆಲೆಯ ಮೇಲೆ ಚೀಟಿ ಅಂಟಿಸೋದು ಕೂಡದು. ಇಳಿಸಿದರೆ ಅಂಟಿಸಬಹುದು, ಹಳೆ ಬೆಲೆ ಮುಚ್ಚದ ಹಾಗೆ.

ಅಟ್ಟದ ಮೇಲಿನ ಹಳೆ ಚೀಲಗಳನ್ನು ಏನು ಮಾಡೋದು ಅಂತ ಕೆಲವರು ಕೇಳಿದ್ದೀರಿ. ಐದು ಸುಳ್ಳಿನ ಮೇಲೆ ಐದು ಚೀಟಿ ಅಂಟಿಸಿ ಮಾರೋಣ ಅಂದವರಿದ್ದಾರೆ. ಚೀಟಿ ಉಗುರಿಗೆ ಬರುತ್ತೆ, ಕೆಳಗಿನ ಮಾತು ಅಲ್ಲೇ ಇರುತ್ತೆ. ಆ ನಷ್ಟ ಬರೆದುಬಿಡೋದೇ ಲೇಸು. ಹೊಸದಾಗಿ ಶುರು ಮಾಡುವವರು ಮೊದಲ ಎರಡು ಮೂರು ಸುಗ್ಗಿ ಬಣ್ಣದ ಚೀಲಕ್ಕೆ ಹೋಗಬೇಡಿ. ಸಾದಾ ಚೀಲ ತಗೊಳ್ಳಿ, ಒಂದೊಂದು ಸಲಕ್ಕೆ ಐನೂರೋ ಸಾವಿರವೋ ಲೇಬಲ್ಲು ಮಾತ್ರ ಹೊಡೆಸಿ. ನಿಯಮ ಬದಲಾಗುತ್ತೆ, ಪರವಾನಗಿ ಬದಲಾಗುತ್ತೆ, ಗಿರಾಕಿ ಹೊಸ ಪ್ರಶ್ನೆ ಕೇಳ್ತಾನೆ. ಆಗ ಎಸೆಯಬೇಕಾಗಿ ಬಂದರೂ ಎಸೆಯೋದು ಐನೂರು ಕಾಗದ. ಅಚ್ಚಿಗೆ ಕೊಡುವ ಮುಂಚೆ ಅದರ ಒಂದು ಪ್ರತಿಯನ್ನು ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೂ ತೂಕ ಅಳತೆಯ ಇನ್‌ಸ್ಪೆಕ್ಟರಿಗೂ ತೋರಿಸಿ. ಎರಡು ಬೇರೆ ಬೇರೆ ಇಲಾಖೆ ಅವು, ಒಬ್ಬರಿಗೆ ತೋರಿಸಿದರೆ ಇನ್ನೊಬ್ಬರಿಗೆ ತೋರಿಸಿದ ಹಾಗಾಗೋದಿಲ್ಲ.